13% ಕೊಡುವ ಷೇರು ದುಬಾರಿ, 11% ಕೊಡುವುದು ಅಗ್ಗ: ಸಿಎಪಿಎಂ, ಬೀಟಾ, ಎಸ್‌ಎಂಎಲ್ ಲೆಕ್ಕ ಹಂತ ಹಂತವಾಗಿ

ಸಂಜೆ ಹೊತ್ತು ನಾನು ಎಂ.ಕಾಂ. ವಿದ್ಯಾರ್ಥಿಗಳಿಗೆ ಫೈನಾನ್ಸ್ ಹೇಳಿಕೊಡುತ್ತೇನೆ. ರಿಸ್ಕ್‌ಗೆ ತಕ್ಕ ಆದಾಯ ಎಷ್ಟು ಎಂದು ಲೆಕ್ಕ ಹಾಕುವ ಕ್ಯಾಪಿಟಲ್ ಅಸೆಟ್ ಪ್ರೈಸಿಂಗ್ ಮಾಡೆಲ್, ಅಂದರೆ ಸಿಎಪಿಎಂ ಪಾಠ ಶುರು ಮಾಡುವ ಮೊದಲೇ ಬೋರ್ಡ್ ಮೇಲೆ ಎರಡು ಷೇರು ಬರೆಯುತ್ತೇನೆ. 'ಅ' ಷೇರು ಮುಂದಿನ ಒಂದು ವರ್ಷದಲ್ಲಿ 13% ಕೊಡಬಹುದು. 'ಬ' ಷೇರು 11% ಕೊಡಬಹುದು. ಒಟ್ಟು ಮಾರುಕಟ್ಟೆ 12% ಕೊಡಬಹುದು. ಯಾವುದನ್ನು ತಗೋತೀರಿ?

"ಅ ತಗೋಬೇಕು ಸರ್, ಮಾರ್ಕೆಟ್‌ಗಿಂತ ಜಾಸ್ತಿ ಕೊಡ್ತಿದೆಯಲ್ಲ" ಎಂದು ಮುಕ್ಕಾಲು ಕ್ಲಾಸು ಹೇಳುತ್ತದೆ. ಮಾರುಕಟ್ಟೆಯ ಜೊತೆ ಷೇರು ಎಷ್ಟು ಕುಣಿಯುತ್ತದೆ ಎಂದು ಹೇಳುವ ಬೀಟಾ ಕೊಟ್ಟು ಲೆಕ್ಕ ಮುಗಿಸಿದಾಗ ಉತ್ತರ ಉಲ್ಟಾ ಬರುತ್ತದೆ. ಅ ದುಬಾರಿ, ಬ ಅಗ್ಗ. ಇದು ಹೇಗೆ ಎಂದು ಒಮ್ಮೆ ತಲೆಗೆ ಹೋದರೆ ಈ ಅಧ್ಯಾಯದ ಯಾವ ಪ್ರಶ್ನೆಯೂ ಹೆದರಿಸುವುದಿಲ್ಲ. ಹಾಗಾಗಿ ಈ ಎರಡೇ ಷೇರುಗಳನ್ನು ಹಿಡಿದುಕೊಂಡು ಕೊನೆಯವರೆಗೂ ಹೋಗೋಣ. ಎರಡೂ ಲೆಕ್ಕಕ್ಕಾಗಿ ನಾನು ಕಟ್ಟಿದ ಷೇರುಗಳು, ನಿಜವಾದ ಕಂಪನಿಗಳಲ್ಲ.

ಮೊದಲು ಒಂದು ಮಾತು: 'ಕೊಡಬೇಕಾದ' ಮತ್ತು 'ಕೊಡಬಹುದಾದ'

ಪುಸ್ತಕಗಳಲ್ಲಿ ಸಿಎಪಿಎಂನಿಂದ ಬರುವ ಸಂಖ್ಯೆಗೆ 'ಎಕ್ಸ್‌ಪೆಕ್ಟೆಡ್ ರಿಟರ್ನ್' ಎಂದು ಹೆಸರು. ವಿಶ್ಲೇಷಕರು ಅಂದಾಜು ಮಾಡಿದ ಸಂಖ್ಯೆಗೂ ಅದೇ ಹೆಸರು. ಗೊಂದಲ ಶುರುವಾಗುವುದೇ ಇಲ್ಲಿ. ನಾನು ಕ್ಲಾಸಿನಲ್ಲಿ ಕನ್ನಡದ ಎರಡು ಪದ ಇಟ್ಟುಕೊಂಡಿದ್ದೇನೆ. ಅಷ್ಟು ರಿಸ್ಕ್ ಇರುವ ಷೇರು ಕನಿಷ್ಠ ಎಷ್ಟು ಕೊಡಬೇಕು ಎಂದು ಸಿಎಪಿಎಂ ಹೇಳುವುದು 'ಕೊಡಬೇಕಾದ' ಆದಾಯ. ಈಗಿನ ಬೆಲೆಗೆ ಕೊಂಡರೆ ಎಷ್ಟು ಸಿಗಬಹುದು ಎಂದು ನಾವು ಅಂದಾಜು ಮಾಡುವುದು 'ಕೊಡಬಹುದಾದ' ಆದಾಯ. ಅಗ್ಗವೋ ದುಬಾರಿಯೋ ಎಂಬುದು ಈ ಎರಡರ ನಡುವಿನ ಹೋಲಿಕೆ. ಅ ಮತ್ತು ಬ ನಡುವಿನ ಹೋಲಿಕೆ ಅಲ್ಲ, ಮಾರುಕಟ್ಟೆಯ ಜೊತೆಗಿನ ಹೋಲಿಕೆಯೂ ಅಲ್ಲ.

ಹಂತ 1: ಬೀಟಾ ಹುಡುಕುವುದು

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬೀಟಾ ಕೊಟ್ಟೇ ಇರುತ್ತಾರೆ. ಆದರೂ ಒಂದು ಸಲ ಕೈಯಿಂದ ಲೆಕ್ಕ ಮಾಡದೆ ಅದರ ಅರ್ಥ ಆಗುವುದಿಲ್ಲ. ಐದು ತಿಂಗಳ ಆದಾಯ ತೆಗೆದುಕೊಳ್ಳೋಣ.

ಮಾರುಕಟ್ಟೆ: 2, −1, 3, 0, 1 (ಎಲ್ಲ ಶೇಕಡಾ). ಸರಾಸರಿ 1.
ಅ ಷೇರು: 3, −2, 3, −1, 2. ಇದರ ಸರಾಸರಿಯೂ 1.

ಪ್ರತಿ ತಿಂಗಳು ಸರಾಸರಿಯಿಂದ ಎಷ್ಟು ದೂರ ಹೋಯಿತು ಎಂದು ಬರೆದುಕೊಳ್ಳಿ. ಮಾರುಕಟ್ಟೆಗೆ 1, −2, 2, −1, 0. ಅ ಷೇರಿಗೆ 2, −3, 2, −2, 1. ಈಗ ಅದೇ ತಿಂಗಳ ಜೋಡಿಗಳನ್ನು ಗುಣಿಸಿ: 2, 6, 4, 2, 0. ಮೊತ್ತ 14. ಮಾರುಕಟ್ಟೆಯ ದೂರಗಳನ್ನು ವರ್ಗ ಮಾಡಿ: 1, 4, 4, 1, 0. ಮೊತ್ತ 10. ಬೀಟಾ ಎಂದರೆ 14 ಭಾಗಿಸು 10, ಅಂದರೆ 1.4. ಎರಡೂ ಮೊತ್ತವನ್ನು ಒಂದೇ ಸಂಖ್ಯೆಯಿಂದ ಭಾಗಿಸಿದರೆ ಕೋವೇರಿಯನ್ಸ್ ಮತ್ತು ವೇರಿಯನ್ಸ್ ಸಿಗುತ್ತವೆ. ಮೇಲೂ ಕೆಳಗೂ ಅದೇ ಭಾಜಕ ಇರುವುದರಿಂದ ಅದು ಹೊಡೆದು ಹೋಗುತ್ತದೆ.

ಐದು ತಿಂಗಳು ಕಲಿಯುವುದಕ್ಕೆ ಸಾಕು, ದುಡ್ಡು ಹಾಕುವುದಕ್ಕೆ ಸಾಲದು. ನಿಜವಾದ ಷೇರಿಗೆ 60 ತಿಂಗಳ ಆದಾಯ ತೆಗೆದುಕೊಳ್ಳುವುದು ರೂಢಿ. ಎಕ್ಸೆಲ್‌ನಲ್ಲಿ ಷೇರಿನ ಆದಾಯ B ಕಾಲಂನಲ್ಲಿ, ನಿಫ್ಟಿ 50ರದು C ಕಾಲಂನಲ್ಲಿ ಇದ್ದರೆ:

```
=SLOPE(B2:B61, C2:C61)
```

ಮೊದಲು ಷೇರು, ಆಮೇಲೆ ಮಾರುಕಟ್ಟೆ. ಇದನ್ನು ತಿರುಗಿಸಿ ಹಾಕಿದರೂ ಎಕ್ಸೆಲ್ ಸುಮ್ಮನೆ ಒಂದು ಸಂಖ್ಯೆ ಕೊಡುತ್ತದೆ, ತಪ್ಪು ಎಂದು ಹೇಳುವುದಿಲ್ಲ. ನಮ್ಮ ಐದು ತಿಂಗಳನ್ನೇ ತಿರುಗಿಸಿ ಹಾಕಿದರೆ 14 ಭಾಗಿಸು 22, ಅಂದರೆ 0.64 ಬರುತ್ತದೆ. ಮಾರುಕಟ್ಟೆಗಿಂತ ಹೆಚ್ಚು ಕುಣಿಯುವ ಷೇರು ಕಾಗದದ ಮೇಲೆ ಸಾಧುವಾಗಿಬಿಡುತ್ತದೆ! ಅನುಮಾನ ಬಂದರೆ ಎರಡೂ ಕಾಲಂಗಳ ಏರಿಳಿತವನ್ನು ಕಣ್ಣಲ್ಲೇ ನೋಡಿ. ಮಾರುಕಟ್ಟೆ ಬಿದ್ದ ತಿಂಗಳುಗಳಲ್ಲಿ ಷೇರು ಅದಕ್ಕಿಂತ ಜಾಸ್ತಿ ಬಿದ್ದಿದ್ದರೆ 0.64 ಬರುವುದು ಹೇಗೆ?

ಇನ್ನೊಂದು ಎಡವಟ್ಟು ಬೋನಸ್ ಷೇರಿನದು. ಕಂಪನಿ ಒಂದಕ್ಕೊಂದು ಬೋನಸ್ ಕೊಟ್ಟರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹೂಡಿಕೆದಾರನಿಗೆ ನಷ್ಟವೇನೂ ಇಲ್ಲ, ಷೇರು ಎರಡಾಗಿರುತ್ತದೆ. ಆದರೆ ಸರಿಪಡಿಸದ ಬೆಲೆ ಇಟ್ಟುಕೊಂಡವರ ಹಾಳೆಯಲ್ಲಿ ಆ ತಿಂಗಳು −50% ಎಂದು ಕೂತಿರುತ್ತದೆ. ಆ ಒಂದೇ ಸಾಲು ಇಡೀ ಬೀಟಾವನ್ನು ಕೆಡಿಸುತ್ತದೆ. ಆದಾಯದ ಕಾಲಂನಲ್ಲಿ −50 ಅಥವಾ −80ರ ಹತ್ತಿರದ ಸಂಖ್ಯೆ ಕಂಡರೆ ಮೊದಲು ಬೋನಸ್ಸೋ ಸ್ಪ್ಲಿಟ್ಟೋ ನೋಡಿ.

ಹಂತ 2: ಬೀಟಾ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಬೀಟಾ 1.4 ಎಂದರೆ, ಮಾರುಕಟ್ಟೆ ಒಂದು ಪಾಯಿಂಟ್ ಹೆಚ್ಚು ಕೊಟ್ಟಾಗ ಈ ಷೇರು ಸರಾಸರಿ 1.4 ಪಾಯಿಂಟ್ ಹೆಚ್ಚು ಕೊಟ್ಟಿದೆ. ಬಿದ್ದಾಗಲೂ ಅಷ್ಟೇ. 'ಸರಾಸರಿ' ಎಂಬ ಪದ ಬಿಡಬೇಡಿ. ಮೇಲಿನ ಐದನೇ ತಿಂಗಳು ನೋಡಿ: ಮಾರುಕಟ್ಟೆ ತನ್ನ ಸರಾಸರಿಯಲ್ಲೇ ಇತ್ತು, ಷೇರು ಮಾತ್ರ ಒಂದು ಪಾಯಿಂಟ್ ಮೇಲೆ ಹೋಗಿತ್ತು. ಆ ಚಲನೆಗೆ ಮಾರುಕಟ್ಟೆ ಕಾರಣವಲ್ಲ. ಹೊಸ ಆರ್ಡರ್ ಸಿಕ್ಕಿರಬಹುದು, ಮ್ಯಾನೇಜ್‌ಮೆಂಟ್ ಬದಲಾಗಿರಬಹುದು. ಅದು ಆ ಕಂಪನಿಯ ಸ್ವಂತ ಕಥೆ.

ಈಗ ಬ ಷೇರಿಗೆ ಬನ್ನಿ. ಇದರ ಸ್ಟ್ಯಾಂಡರ್ಡ್ ಡೀವಿಯೇಷನ್ 36%. ಮಾರುಕಟ್ಟೆಯದು 18%. ಅಂದರೆ ಬ ಮಾರುಕಟ್ಟೆಯ ಎರಡರಷ್ಟು ಕುಣಿಯುತ್ತದೆ. ಮಾರುಕಟ್ಟೆಯ ಜೊತೆ ಕೋರಿಲೇಷನ್ 0.3.

```
β = ρ × (σ_stock / σ_market)
β = 0.3 × (36 / 18) = 0.6
```

ಎರಡು ಪಟ್ಟು ಕುಣಿಯುವ ಷೇರಿನ ಬೀಟಾ ಬರೀ 0.6! ಪರೀಕ್ಷೆಯಲ್ಲಿ "ಸ್ಟ್ಯಾಂಡರ್ಡ್ ಡೀವಿಯೇಷನ್ ಹೆಚ್ಚಿರುವುದರಿಂದ ಕೊಡಬೇಕಾದ ಆದಾಯವೂ ಹೆಚ್ಚು, ಸರಿಯೋ ತಪ್ಪೋ" ಎಂದು ಕೇಳುವುದು ಇದನ್ನೇ. ತಪ್ಪು. ಬ ಷೇರಿನ ಕುಣಿತದಲ್ಲಿ ಹೆಚ್ಚಿನ ಪಾಲು ಅದರ ಸ್ವಂತ ಕಥೆ. ಹತ್ತಾರು ಬೇರೆ ಬೇರೆ ಷೇರು ಇಟ್ಟುಕೊಂಡವನ ಬುಟ್ಟಿಯಲ್ಲಿ ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಸರಿದೂಗಿಸುತ್ತದೆ. ಹಾಗೆ ಪುಕ್ಕಟೆಯಾಗಿ ಕಳೆದುಕೊಳ್ಳಬಹುದಾದ ರಿಸ್ಕ್‌ಗೆ ಯಾರೂ ಹೆಚ್ಚುವರಿ ಆದಾಯ ಕೊಡುವುದಿಲ್ಲ. ಇಡೀ ಮಾರುಕಟ್ಟೆ ಬಿದ್ದಾಗ ಎಲ್ಲರ ಬುಟ್ಟಿಯೂ ಬೀಳುತ್ತದಲ್ಲ, ಆ ಪಾಲಿನ ರಿಸ್ಕ್‌ಗೆ ಮಾತ್ರ ಬೆಲೆ. 1964ರಲ್ಲಿ ವಿಲಿಯಂ ಶಾರ್ಪ್ ಪ್ರಕಟಿಸಿದ ವಿಚಾರದ ತಿರುಳು ಇದು. 1990ರಲ್ಲಿ ಅವರು ಮಾರ್ಕೊವಿಟ್ಜ್ ಮತ್ತು ಮಿಲ್ಲರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಇದಕ್ಕೊಂದು ಷರತ್ತು ಅಂಟಿಕೊಂಡಿದೆ. ಇರುವ ದುಡ್ಡನ್ನೆಲ್ಲ ಬ ಒಂದಕ್ಕೇ ಸುರಿದವನಿಗೆ ಈ 0.6 ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಅವನು ಹೊತ್ತಿರುವುದು ಪೂರ್ತಿ 36%.

ಹಂತ 3: ಕೊಡಬೇಕಾದ ಆದಾಯ

```
E(R) = Rf + β × (Rm − Rf)
```

Rf ಎಂದರೆ ರಿಸ್ಕ್ ಇಲ್ಲದ ಹೂಡಿಕೆಯ ದರ. ನಮ್ಮಲ್ಲಿ ಸರ್ಕಾರದ ಟ್ರೆಷರಿ ಬಿಲ್ ಅಥವಾ 10 ವರ್ಷದ ಸರ್ಕಾರಿ ಬಾಂಡ್ ದರ ಬಳಸುತ್ತಾರೆ. ಒಂದು ವರ್ಷದ ಪ್ರಶ್ನೆಗೆ 364 ದಿನದ ಟ್ರೆಷರಿ ಬಿಲ್ ಹೊಂದುತ್ತದೆ. Rm ಮಾರುಕಟ್ಟೆಯ ಆದಾಯ. ಅದನ್ನು ನಿಫ್ಟಿಯ ಹಳೆ ಅಂಕಿಗಳಿಂದ ತೆಗೆಯುವುದಾದರೆ ಟೋಟಲ್ ರಿಟರ್ನ್ ಸೂಚ್ಯಂಕ ತೆಗೆದುಕೊಳ್ಳಿ. ಟಿವಿಯಲ್ಲಿ ಓಡುವ ನಿಫ್ಟಿಯಲ್ಲಿ ಡಿವಿಡೆಂಡ್ ಸೇರಿರುವುದಿಲ್ಲ.

ನಮ್ಮ ಲೆಕ್ಕಕ್ಕೆ Rf 7%, Rm 12% ಎಂದು ಇಟ್ಟುಕೊಳ್ಳೋಣ.

```
A: 7 + 1.4 × (12 − 7) = 14%
B: 7 + 0.6 × (12 − 7) = 10%
```

(A ಎಂದರೆ ನಮ್ಮ ಅ, B ಎಂದರೆ ಬ.)

ಅತಿ ಹೆಚ್ಚು ಅಂಕ ಹೋಗುವುದು ಬ್ರ್ಯಾಕೆಟ್ ಒಳಗೆ. ಪ್ರಶ್ನೆಯಲ್ಲಿ 'ಮಾರ್ಕೆಟ್ ರಿಟರ್ನ್ 12%' ಎಂದಿದ್ದರೆ 7 ಕಳೆಯಬೇಕು. 'ಮಾರ್ಕೆಟ್ ರಿಸ್ಕ್ ಪ್ರೀಮಿಯಂ 5%' ಎಂದಿದ್ದರೆ ಆಗಲೇ ಕಳೆದಾಗಿದೆ, ಮತ್ತೆ ಕಳೆಯಬಾರದು. 'ಪ್ರೀಮಿಯಂ' ಎಂಬ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ ಎಂದು ನಾನು ಹೇಳುತ್ತಲೇ ಇರುತ್ತೇನೆ. ಸರಿಯಾಗಿದೆಯಾ ಎಂದು ನೋಡಲು ಅರ್ಧ ನಿಮಿಷದ ಪರೀಕ್ಷೆ ಇದೆ. ನೀವು ಬರೆದ ಸೂತ್ರಕ್ಕೆ ಬೀಟಾ 1 ಹಾಕಿ. ಮಾರುಕಟ್ಟೆಯ ಆದಾಯ 12% ಬರಲೇಬೇಕು. 19% ಬಂದರೆ ಕಳೆಯುವುದನ್ನು ಮರೆತಿದ್ದೀರಿ.

ಹಂತ 4: ಕೊಡಬಹುದಾದ ಆದಾಯ

ಇದಕ್ಕೂ ಸಿಎಪಿಎಂಗೂ ಸಂಬಂಧ ಇಲ್ಲ. ಇವತ್ತಿನ ಬೆಲೆ, ಒಂದು ವರ್ಷದ ನಂತರದ ಅಂದಾಜು ಬೆಲೆ, ನಡುವೆ ಬರುವ ಡಿವಿಡೆಂಡ್, ಇಷ್ಟು ಸಾಕು.

ಅ ಷೇರು ಇವತ್ತು ₹200. ವರ್ಷದ ನಂತರ ₹222 ಆಗಬಹುದು, ಡಿವಿಡೆಂಡ್ ₹4. ಕೈಗೆ ಬರುವುದು 226, ಲಾಭ 26, ಅಂದರೆ 13%.
ಬ ಷೇರು ಇವತ್ತು ₹500. ವರ್ಷದ ನಂತರ ₹540, ಡಿವಿಡೆಂಡ್ ₹15. ಲಾಭ 55, ಅಂದರೆ 11%.

ಡಿವಿಡೆಂಡ್ ಸೇರಿಸಲು ಮರೆತರೆ ಬ ಷೇರು 8% ಮಾತ್ರ ತೋರಿಸುತ್ತದೆ, ಉತ್ತರ ಪೂರ್ತಿ ತಿರುಗಿ ಬೀಳುತ್ತದೆ.

ಹಂತ 5: ಗೆರೆ ಎಳೆದು ನೋಡುವುದು

ಗ್ರಾಫ್‌ನಲ್ಲಿ ಅಡ್ಡಕ್ಕೆ ಬೀಟಾ, ಉದ್ದಕ್ಕೆ ಆದಾಯ. ಬೀಟಾ 0 ಇರುವಲ್ಲಿ 7%ಗೆ ಒಂದು ಚುಕ್ಕೆ. ಬೀಟಾ 1 ಇರುವಲ್ಲಿ 12%ಗೆ ಇನ್ನೊಂದು. ಎರಡನ್ನೂ ಸೇರಿಸಿ ಗೆರೆ ಎಳೆದರೆ ಸೆಕ್ಯುರಿಟಿ ಮಾರ್ಕೆಟ್ ಲೈನ್, ಎಲ್ಲರ ಬಾಯಲ್ಲಿ ಎಸ್‌ಎಂಎಲ್. ಗೆರೆಯ ಓಟ, ಅಂದರೆ ಸ್ಲೋಪ್, 5. ಅದೇ ರಿಸ್ಕ್ ಪ್ರೀಮಿಯಂ. ಅದು ಬೀಟಾ ಅಲ್ಲ. ಬೀಟಾ ಓಟವಾಗಿ ಕಾಣುವುದು ಹಂತ 1ರ ಗ್ರಾಫ್‌ನಲ್ಲಿ, ಷೇರಿನ ಆದಾಯವನ್ನು ಮಾರುಕಟ್ಟೆಯ ಆದಾಯದ ಎದುರು ಇಟ್ಟಾಗ. ಅಡ್ಡಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್ ಇದ್ದರೆ ಅದು ಕ್ಯಾಪಿಟಲ್ ಮಾರ್ಕೆಟ್ ಲೈನ್, ಬಿಡಿ ಷೇರು ಅಗ್ಗವೋ ಅಲ್ಲವೋ ನೋಡಲು ಅದು ಬರುವುದಿಲ್ಲ.

ಅ ಷೇರಿನ ಚುಕ್ಕೆ ಇಡಿ: ಬೀಟಾ 1.4, ಆದಾಯ 13. ಅಲ್ಲಿ ಗೆರೆ 14ರಲ್ಲಿದೆ. ಚುಕ್ಕೆ ಗೆರೆಯ ಕೆಳಗೆ. ಕೊಡಬೇಕಾದದ್ದು 14, ಕೊಡಬಹುದಾದದ್ದು 13. ಕೊರತೆ 1 ಪಾಯಿಂಟ್. ಈ ವ್ಯತ್ಯಾಸಕ್ಕೆ ಆಲ್ಫಾ ಎಂದು ಹೆಸರು, ಇಲ್ಲಿ ಅದು −1%. ಓವರ್‌ವ್ಯಾಲ್ಯೂಡ್.

ಬ ಷೇರಿನ ಚುಕ್ಕೆ: ಬೀಟಾ 0.6, ಆದಾಯ 11. ಗೆರೆ 10ರಲ್ಲಿದೆ. ಚುಕ್ಕೆ ಗೆರೆಗಿಂತ ಮೇಲೆ. ಆಲ್ಫಾ +1%. ಅಂಡರ್‌ವ್ಯಾಲ್ಯೂಡ್.

ಇಲ್ಲಿ ಎಷ್ಟೋ ಜನ ತಡವರಿಸುತ್ತಾರೆ. 'ಮೇಲೆ' ಇದ್ದರೆ ದುಬಾರಿ ಅಲ್ವಾ ಸರ್? ಗ್ರಾಫ್‌ನಲ್ಲಿ ಇರುವುದು ಬೆಲೆಯಲ್ಲ, ಆದಾಯ. ತಿಂಗಳಿಗೆ ₹12,000 ಬಾಡಿಗೆ ಬರುವ ಮನೆ ಅಂದುಕೊಳ್ಳಿ. ವರ್ಷಕ್ಕೆ ₹1,44,000. ಅದನ್ನು 30 ಲಕ್ಷಕ್ಕೆ ಕೊಂಡವನಿಗೆ 4.8% ಸಿಗುತ್ತದೆ. ಅದೇ ಮನೆಯನ್ನು 40 ಲಕ್ಷಕ್ಕೆ ಕೊಂಡವನಿಗೆ 3.6%. ಬಾಡಿಗೆ ಅದೇ, ಮನೆಯೂ ಅದೇ. ಬೆಲೆ ಮೇಲೆ ಹೋದರೆ ಆದಾಯ ಕೆಳಗೆ ಬರುತ್ತದೆ. ಗೆರೆಯ ಕೆಳಗಿರುವ ಷೇರಿಗೆ ಜನ ಜಾಸ್ತಿ ದುಡ್ಡು ಕೊಟ್ಟಿದ್ದಾರೆ, ಅಷ್ಟೇ.

ಹಂತ 6: ಹಾಗಾದರೆ ಸರಿಯಾದ ಬೆಲೆ ಎಷ್ಟು?

ಒಂದು ವರ್ಷದ ನಂತರ ಬರುವ ದುಡ್ಡನ್ನು ಕೊಡಬೇಕಾದ ದರದಿಂದ ಇಂದಿನ ಬೆಲೆಗೆ ಇಳಿಸಿ.

```
A: 226 / 1.14 = 198.25
B: 555 / 1.10 = 504.55
```

ಅ ಷೇರು 200ರಿಂದ 198.25ಕ್ಕೆ ಇಳಿದರೆ ಅದು ಗೆರೆಯ ಮೇಲೆ ಬಂದು ಕೂರುತ್ತದೆ. ಬ ಷೇರು 504.55ಕ್ಕೆ ಏರಿದರೆ ಅದೂ ಕೂರುತ್ತದೆ. ಕೆಲವರು 1% ಕಡಿಮೆ ಎಂದು 200ರಲ್ಲಿ ಎರಡು ರೂಪಾಯಿ ಕಳೆದು 198 ಎಂದು ಬರೆಯುತ್ತಾರೆ. ಹತ್ತಿರ ಬರುತ್ತದೆ, ಆದರೆ ತಪ್ಪು.

ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ. ₹200ರ ಷೇರಿನಲ್ಲಿ ₹1.75ರ ವ್ಯತ್ಯಾಸ. 'ಓವರ್‌ವ್ಯಾಲ್ಯೂಡ್' ಎಂಬ ಪದ ಕೇಳಿದಾಗ ಮನಸ್ಸಿನಲ್ಲಿ ಮೂಡುವ ಚಿತ್ರ ಇಷ್ಟು ಚಿಕ್ಕದಾಗಿರುವುದಿಲ್ಲ. ಷೇರು ಒಂದೇ ದಿನದಲ್ಲಿ ಇಷ್ಟು ಆಚೀಚೆ ಆಗುತ್ತದೆ.

ದರ ಏರಿದರೆ ಉತ್ತರ ಬದಲಾಗುತ್ತಾ?

ಇದು ಪರೀಕ್ಷಕರಿಗೆ ಇಷ್ಟವಾದ ಮುಂದಿನ ಪ್ರಶ್ನೆ. Rf 7ರಿಂದ 8ಕ್ಕೆ ಏರಿತು, ಈಗ ಹೇಳಿ. ಹೇಳುವ ಮೊದಲು ನೀವು ತಿಳಿದುಕೊಳ್ಳಬೇಕಾದದ್ದು, ಜೊತೆಗೆ ಯಾವುದು ಬದಲಾಗದೆ ಉಳಿಯಿತು ಎಂಬುದು.

ಪ್ರೀಮಿಯಂ 5 ಹಾಗೇ ಉಳಿದರೆ ಇಡೀ ಗೆರೆ ಒಂದು ಪಾಯಿಂಟ್ ಮೇಲೆ ಏರುತ್ತದೆ. ಅ ಷೇರು 15% ಕೊಡಬೇಕು, ಬ ಷೇರು 11%. ಬ ಕೊಡಬಹುದಾದದ್ದೂ 11% ತಾನೆ? ಅಗ್ಗವಾಗಿದ್ದದ್ದು ಈಗ ಸರಿಯಾದ ಬೆಲೆಯಲ್ಲಿದೆ.

Rm 12 ಹಾಗೇ ಉಳಿದರೆ ಕಥೆ ಬೇರೆ. ಪ್ರೀಮಿಯಂ 4ಕ್ಕೆ ಇಳಿಯುತ್ತದೆ, ಗೆರೆ ಚಪ್ಪಟೆಯಾಗುತ್ತದೆ. ಬ ಷೇರಿಗೆ 8 + 0.6 × 4 = 10.4%, ಇನ್ನೂ ಅಗ್ಗ. ಅ ಷೇರಿಗೆ 8 + 1.4 × 4 = 13.6%. ದರ ಏರಿದ ಮೇಲೆ ಅ ಕೊಡಬೇಕಾದದ್ದು 14ರಿಂದ 13.6ಕ್ಕೆ ಇಳಿಯಿತು! ಬೀಟಾ 1ಕ್ಕಿಂತ ಹೆಚ್ಚಿರುವ ಎಲ್ಲ ಷೇರಿಗೂ ಹೀಗೇ ಆಗುತ್ತದೆ. ಲೆಕ್ಕ ತಪ್ಪಿತೇನೋ ಎಂದು ಹೊಡೆದು ಹಾಕಬೇಡಿ.

ಈ ತೀರ್ಪನ್ನು ಎಷ್ಟು ನಂಬಬಹುದು

ಪರೀಕ್ಷೆಗೆ ಇಲ್ಲಿಗೆ ಸಾಕು. ನಿಜವಾದ ದುಡ್ಡು ಹಾಕುವವರು ಇನ್ನೊಂದು ಲೆಕ್ಕ ಮಾಡಿ. ಯಾವ ಬೀಟಾ ಇದ್ದಿದ್ದರೆ ಅ ಷೇರು ಗೆರೆಯ ಮೇಲೇ ಇರುತ್ತಿತ್ತು? 13ರಲ್ಲಿ 7 ಕಳೆದು 5ರಿಂದ ಭಾಗಿಸಿ: 1.2. ನಾವು ಲೆಕ್ಕ ಹಾಕಿದ ಬೀಟಾ 1.4. ಅಂದರೆ ಬೀಟಾ 0.2ರಷ್ಟು ತಪ್ಪಾಗಿದ್ದರೆ 'ದುಬಾರಿ' ಎಂಬ ತೀರ್ಪು ನಿಲ್ಲುವುದಿಲ್ಲ. ಬಿಡಿ ಷೇರಿನ ಬೀಟಾದಲ್ಲಿ 0.2ರ ತಪ್ಪು ದೊಡ್ಡ ವಿಷಯವೇ ಅಲ್ಲ. ಮೂರು ವರ್ಷದ ಅಂಕಿ ಬಿಟ್ಟು ಐದು ವರ್ಷದ್ದು ತೆಗೆದುಕೊಂಡರೆ, ನಿಫ್ಟಿ ಬಿಟ್ಟು ಬೇರೆ ಸೂಚ್ಯಂಕ ತೆಗೆದುಕೊಂಡರೆ ಅಷ್ಟು ಬದಲಾಗಿಬಿಡುತ್ತದೆ.

ಬೀಟಾಗಳು ಕಾಲ ಕಳೆದಂತೆ 1ರ ಕಡೆಗೆ ಜಾರುತ್ತವೆ ಎಂಬುದು ಬಹಳ ಹಿಂದೆಯೇ ಕಂಡುಕೊಂಡ ಸಂಗತಿ. ಅದಕ್ಕೆ ಮಾರ್ಷಲ್ ಬ್ಲೂಮ್ ಹೆಸರಿನ ತಿದ್ದುಪಡಿ ಬಳಕೆಯಲ್ಲಿದೆ. ಲೆಕ್ಕ ಹಾಕಿದ ಬೀಟಾದ ಮೂರನೇ ಎರಡು ಭಾಗಕ್ಕೆ ಮೂರನೇ ಒಂದನ್ನು ಸೇರಿಸುತ್ತಾರೆ. ಅ ಷೇರಿನ 1.4 ಆಗ ಸುಮಾರು 1.27 ಆಗುತ್ತದೆ. ಕೊಡಬೇಕಾದ ಆದಾಯ 13.3%ಗೆ ಇಳಿಯುತ್ತದೆ. ಇನ್ನೂ ದುಬಾರಿಯೇ, ಆದರೆ ಕೂದಲೆಳೆಯಷ್ಟು. ಜೊತೆಗೆ ₹222 ಎಂಬ ಅಂದಾಜು ಯಾರದ್ದು? ಅದು ₹224 ಆದರೆ ಅ ಷೇರಿನ ಆದಾಯ 14%, ಮೊದಲಿನ ಗೆರೆಯ ಮೇಲೇ ಸರಿಯಾಗಿ ಕೂತಿತು. ಎರಡು ರೂಪಾಯಿಯ ಅಂದಾಜಿನ ಮೇಲೆ ನಿಂತ ತೀರ್ಪು ಇದು.

ಗೆರೆಯ ಮೇಲೂ ಅನುಮಾನ ಇದೆ. 1972ರಲ್ಲಿ ಬ್ಲ್ಯಾಕ್, ಜೆನ್ಸನ್ ಮತ್ತು ಶೋಲ್ಸ್ ಅಮೆರಿಕದ ಷೇರುಗಳ ಹಳೆ ಅಂಕಿ ಹಿಡಿದು ನೋಡಿದಾಗ, ನಿಜವಾದ ಗೆರೆ ಸಿಎಪಿಎಂ ಹೇಳಿದ್ದಕ್ಕಿಂತ ಚಪ್ಪಟೆಯಾಗಿತ್ತು. ಕಡಿಮೆ ಬೀಟಾ ಷೇರುಗಳು ಕೊಡಬೇಕಾದದ್ದಕ್ಕಿಂತ ಜಾಸ್ತಿ ಕೊಟ್ಟಿದ್ದವು, ಹೆಚ್ಚು ಬೀಟಾದವು ಕಡಿಮೆ. ನಮ್ಮ ಬ ಮತ್ತು ಅ ಇದೇ ಮಾದರಿಯಲ್ಲಿ ಇಲ್ಲವೇ? ಹಾಗಾಗಿ ಕಡಿಮೆ ಬೀಟಾದ ಷೇರುಗಳೆಲ್ಲ ಒಂದೇ ಸಮನೆ 'ಅಗ್ಗ' ಎಂದು ಬರತೊಡಗಿದರೆ, ಷೇರನ್ನು ಕೊಳ್ಳುವ ಮೊದಲು ಗೆರೆಯನ್ನು ಅನುಮಾನಿಸುವುದು ನನ್ನ ಅಭ್ಯಾಸ. ಅದೇ ಬೀಟಾ ಇರುವ ನಾಲ್ಕೈದು ಷೇರು ಪಕ್ಕಪಕ್ಕ ಇಟ್ಟು, ಅವುಗಳಲ್ಲಿ ಒಂದು ಮಾತ್ರ ಗೆರೆಗಿಂತ ಮೇಲಿದ್ದರೆ ಆಗ ಗಮನ ಕೊಡುತ್ತೇನೆ.

ಕೊನೆಯಲ್ಲಿ ಕ್ಲಾಸಿಗೆ ಒಂದು ಲೆಕ್ಕ ಕೊಟ್ಟು ಕಳಿಸುತ್ತೇನೆ. ಅರ್ಧ ದುಡ್ಡು ಅ, ಅರ್ಧ ಬ. ಪೋರ್ಟ್‌ಫೋಲಿಯೊ ಬೀಟಾ 1.4 ಮತ್ತು 0.6ರ ಸರಾಸರಿ, ಅಂದರೆ 1. ಕೊಡಬೇಕಾದದ್ದು 12%. ಕೊಡಬಹುದಾದದ್ದು 13 ಮತ್ತು 11ರ ಸರಾಸರಿ, ಅದೂ 12%. ಚುಕ್ಕೆ ಸರಿಯಾಗಿ ಗೆರೆಯ ಮೇಲೆ. ಒಳಗಿರುವ ಎರಡು ಷೇರಿನಲ್ಲಿ ಒಂದರ ಬೆಲೆಯೂ ಸರಿಯಿಲ್ಲ.